ದಿರ್ಹಮ್ ಏರಲಿಲ್ಲ, ರೂಪಾಯಿ ಇಳಿಯಿತು

ದುಬೈಯಿಂದ ಭಟ್ಕಳಕ್ಕೋ ಉಡುಪಿಗೋ ಹಣ ಕಳಿಸುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಇವತ್ತು ರೇಟ್ ಎಷ್ಟಿದೆ?’ ಡಾಲರಿಗೆ 83 ರೂಪಾಯಿ ಇದ್ದ 2023ರ ಕೊನೆಯಲ್ಲಿ ಸಾವಿರ ದಿರ್ಹಮ್ ಕಳಿಸಿದರೆ, ಕಮಿಷನ್ ಮಾತು ಬಿಟ್ಟು, ಊರಿನಲ್ಲಿ ಸುಮಾರು 22,600 ರೂಪಾಯಿ ಸಿಗುತ್ತಿತ್ತು. ಡಾಲರ್ 90 ರೂಪಾಯಿ ದಾಟಿದ 2025ರ ಡಿಸೆಂಬರಿನಲ್ಲಿ ಅದೇ ಸಾವಿರಕ್ಕೆ ಸುಮಾರು 24,500. ಮನೆಯವರು ‘ದಿರ್ಹಮ್ ಏರಿದೆ’ ಎಂದು ಸಂತೋಷಪಟ್ಟರು.

ದಿರ್ಹಮ್ ಏರಿರಲಿಲ್ಲ. 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಅಲ್ಲಿಯ ಸರ್ಕಾರ ಕಟ್ಟಿಹಾಕಿದೆ. ಅಂದಿನಿಂದ ಇಂದಿನವರೆಗೆ ಆ ದಶಾಂಶವೂ ಬದಲಾಗಿಲ್ಲ. ಡಾಲರಿನ ಎದುರು ಜಾರಿದ್ದು ರೂಪಾಯಿ. ಹಾಗಾಗಿ ಹಣ ಕಳಿಸಿದ ಆ ಪುಟ್ಟ ಚೀಟಿಯಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳು ಮುಖಾಮುಖಿಯಾಗಿವೆ. ಒಂದು ಕಟ್ಟಿದ ದರ, ಇನ್ನೊಂದು ಹಿಡಿತದಲ್ಲಿ ತೇಲುವ ದರ. ಇವುಗಳ ಒಂದು ಬದಿಗೆ ಹಾಂಗ್‌ಕಾಂಗಿನಂಥ ಗಟ್ಟಿ ಸ್ಥಿರ ದರವಿದೆ, ಇನ್ನೊಂದು ಬದಿಗೆ ಆಸ್ಟ್ರೇಲಿಯಾದಂಥ ಮುಕ್ತ ತೇಲು ದರವಿದೆ.

ಮಲ್ಪೆಯ ಬಂದರಿನಲ್ಲಿ ದೋಣಿ ಕಟ್ಟುವವರು ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟುವುದಿಲ್ಲ. ಭರತ ಏರಿದಾಗ ದೋಣಿ ಏಳಬೇಕು, ಇಳಿದಾಗ ಇಳಿಯಬೇಕು. ಬಿಗಿಯಾಗಿ ಕಟ್ಟಿದರೆ ದೋಣಿ ಅಲುಗಾಡದಿರಬಹುದು, ಆದರೆ ನೀರಿನ ಜಗ್ಗಾಟವೆಲ್ಲ ಹಗ್ಗದ ಮೇಲೆ ಬೀಳುತ್ತದೆ. ವಿನಿಮಯ ದರದ ವ್ಯವಸ್ಥೆಗಳೂ ಹೀಗೆಯೇ. ದೇಶದೊಳಗೆ ಬರುವ, ಹೊರಗೆ ಹೋಗುವ ಹಣದ ಅಲೆಯನ್ನು ಯಾವ ವ್ಯವಸ್ಥೆಯೂ ನಿಲ್ಲಿಸುವುದಿಲ್ಲ. ಆ ಅಲೆ ದರಕ್ಕೆ ತಗಲಬೇಕೋ, ಬಡ್ಡಿಗೆ ತಗಲಬೇಕೋ, ಕೇಂದ್ರ ಬ್ಯಾಂಕಿನ ಖಜಾನೆಗೆ ತಗಲಬೇಕೋ ಎಂಬುದನ್ನಷ್ಟೇ ಅದು ತೀರ್ಮಾನಿಸುತ್ತದೆ.

ಹಾಂಗ್‌ಕಾಂಗ್: ನಿರ್ಧಾರವೇ ಇಲ್ಲದ ವ್ಯವಸ್ಥೆ

1983ರ ಅಕ್ಟೋಬರಿನಲ್ಲಿ ಹಾಂಗ್‌ಕಾಂಗ್ ತನ್ನ ಡಾಲರನ್ನು ಅಮೆರಿಕದ ಡಾಲರಿಗೆ 7.80ರ ದರದಲ್ಲಿ ಬೆಸೆಯಿತು. ಅಲ್ಲಿ ನೋಟು ಹೊರಡಿಸುವುದು ಮೂರು ವಾಣಿಜ್ಯ ಬ್ಯಾಂಕುಗಳು. ಅವು 7.80 ಹಾಂಗ್‌ಕಾಂಗ್ ಡಾಲರಿನ ನೋಟು ಅಚ್ಚು ಹಾಕಬೇಕಾದರೆ ಒಂದು ಅಮೆರಿಕನ್ ಡಾಲರನ್ನು ಸರ್ಕಾರದ ವಿನಿಮಯ ನಿಧಿಗೆ ಕಟ್ಟಬೇಕು. ಇದಕ್ಕೆ ಕರೆನ್ಸಿ ಬೋರ್ಡ್ ಎಂದು ಹೆಸರು. 2005ರಿಂದ ದರಕ್ಕೆ 7.75ರಿಂದ 7.85ರವರೆಗೆ ಅಷ್ಟಿಷ್ಟು ಓಡಾಡಲು ಅವಕಾಶವಿದೆ. ಎರಡು ತುದಿಗಳಲ್ಲಿ ಹಣಕಾಸು ಪ್ರಾಧಿಕಾರ ಕಾದು ನಿಂತಿರುತ್ತದೆ. 7.75 ಮುಟ್ಟಿದರೆ ಅದು ತನ್ನ ಡಾಲರನ್ನು ಕೇಳಿದಷ್ಟು ಮಾರಬೇಕು, 7.85 ಮುಟ್ಟಿದರೆ ಕೊಟ್ಟಷ್ಟು ಕೊಳ್ಳಬೇಕು. ಅಲ್ಲಿ ಅಧಿಕಾರಿಯ ವಿವೇಚನೆಗೆ ಜಾಗವಿಲ್ಲ.

2025ರ ಬೇಸಿಗೆಯಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದು ಎರಡೇ ತಿಂಗಳಲ್ಲಿ ಎರಡೂ ದಿಕ್ಕಿನಲ್ಲಿ ಕಾಣಿಸಿತು. ಮೇ ತಿಂಗಳ ಮೊದಲ ವಾರ ಹಣ ಒಳಗೆ ನುಗ್ಗಿ ದರ 7.75 ಮುಟ್ಟಿತು. ಪ್ರಾಧಿಕಾರ ಕೆಲವೇ ದಿನಗಳಲ್ಲಿ ಸುಮಾರು 129 ಶತಕೋಟಿ ಹಾಂಗ್‌ಕಾಂಗ್ ಡಾಲರ್ ಮಾರಿತು. ಅಷ್ಟೂ ಹಣ ಸ್ಥಳೀಯ ಬ್ಯಾಂಕುಗಳ ಖಾತೆಗೆ ಬಂದು ಬಿತ್ತು. ಬ್ಯಾಂಕುಗಳು ಒಂದಕ್ಕೊಂದು ಒಂದು ರಾತ್ರಿಗೆ ಕೊಡುವ ಸಾಲದ ಬಡ್ಡಿ ಶೂನ್ಯದ ಹತ್ತಿರಕ್ಕೆ ಕುಸಿಯಿತು. ಇತ್ತ ಅಮೆರಿಕದಲ್ಲಿ ಬಡ್ಡಿ ಶೇ 4ಕ್ಕಿಂತ ಹೆಚ್ಚಿತ್ತು. ಹಾಂಗ್‌ಕಾಂಗಿನಲ್ಲಿ ಅಗ್ಗದ ಸಾಲ ಎತ್ತಿ, ಅದನ್ನು ಅಮೆರಿಕನ್ ಡಾಲರ್ ಮಾಡಿ ಬಡ್ಡಿಗೆ ಬಿಡುವುದು ಯಾರಿಗಾದರೂ ಹೊಳೆಯುವ ವ್ಯಾಪಾರ. ಎಲ್ಲರೂ ಅದನ್ನೇ ಮಾಡಿದಾಗ ಜೂನ್ ಕೊನೆಗೆ ದರ ಇನ್ನೊಂದು ತುದಿಗೆ, 7.85ಕ್ಕೆ ಬಂದು ನಿಂತಿತು. ಈಗ ಪ್ರಾಧಿಕಾರ ತನ್ನ ಹಣವನ್ನೇ ವಾಪಸು ಕೊಳ್ಳತೊಡಗಿತು, ಬ್ಯಾಂಕುಗಳಲ್ಲಿ ಹಣ ಬಿಗಿಯಾಯಿತು, ಬಡ್ಡಿ ಮತ್ತೆ ಏರಿತು.

ದರ ಹತ್ತು ಸೆಂಟಿನೊಳಗೆ ಉಳಿಯಿತು. ಅಲೆ ಎಲ್ಲಿಗೆ ಹೋಯಿತು? ಬಡ್ಡಿಗೆ. 1997ರ ಅಕ್ಟೋಬರಿನ ಏಷ್ಯಾ ಬಿಕ್ಕಟ್ಟಿನಲ್ಲಿ ಇದೇ ಒಂದು ರಾತ್ರಿಯ ಬಡ್ಡಿ ಒಂದು ಹಂತದಲ್ಲಿ ವಾರ್ಷಿಕ ಶೇ 280ಕ್ಕೆ ಜಿಗಿದಿತ್ತು. ಸ್ಥಿರ ದರವನ್ನು ಆಯ್ದುಕೊಂಡ ಊರು ತನ್ನ ಬಡ್ಡಿಯ ಮೇಲಿನ ಅಧಿಕಾರವನ್ನು ಬಿಟ್ಟುಕೊಟ್ಟಿರುತ್ತದೆ.

ಕಟ್ಟಿದ ದರ: ಮಾತು ಕೊಟ್ಟವರ ಕಷ್ಟ

ಕಟ್ಟಿದ ದರ, ಎಂದರೆ ಪೆಗ್, ಇದಕ್ಕಿಂತ ಒಂದು ಮೆಟ್ಟಿಲು ಸಡಿಲ. ಇಲ್ಲಿ ಪ್ರತಿ ನೋಟಿಗೂ ಬೆನ್ನಿಗೆ ಡಾಲರ್ ಇರಲೇಬೇಕೆಂಬ ಕಾನೂನಿನ ಕಟ್ಟು ಇರಬೇಕಿಲ್ಲ. ಕೇಂದ್ರ ಬ್ಯಾಂಕು ‘ಇಷ್ಟಕ್ಕೆ ಕೊಡುತ್ತೇನೆ, ಇಷ್ಟಕ್ಕೆ ಕೊಳ್ಳುತ್ತೇನೆ’ ಎಂದು ಮಾತು ಕೊಟ್ಟಿರುತ್ತದೆ. ಮಾತು ಉಳಿಸಿಕೊಳ್ಳುವ ಶಕ್ತಿ ಅದರ ಮೀಸಲಿನಲ್ಲಿದೆ. ಯುಎಇ ಇದನ್ನು ಆರಾಮವಾಗಿ ನಡೆಸಿಕೊಂಡು ಬಂದಿದೆ, ಏಕೆಂದರೆ ಅದು ಮಾರುವ ತೈಲಕ್ಕೆ ಬೆಲೆ ಬರುವುದೇ ಡಾಲರಿನಲ್ಲಿ. ಅಷ್ಟಾದರೂ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿ ಏರಿಸಿದ ರಾತ್ರಿಯೇ ಅಬುಧಾಬಿಯ ಕೇಂದ್ರ ಬ್ಯಾಂಕೂ ಏರಿಸಬೇಕಾಗುತ್ತದೆ. ದುಬೈಯ ಮಾರುಕಟ್ಟೆಗೆ ಆ ಬಡ್ಡಿ ಹಿತವೋ ಅಹಿತವೋ ಎಂದು ಕೇಳುವಂತಿಲ್ಲ.

ನಮ್ಮ ರೂಪಾಯಿಯನ್ನೇ ಗೂಟ ಮಾಡಿಕೊಂಡ ದೇಶಗಳೂ ಇವೆ. ನೇಪಾಳ 1993ರಿಂದ ನಮ್ಮ 100 ರೂಪಾಯಿಗೆ ತನ್ನ 160 ರೂಪಾಯಿ ಎಂದು ಕಟ್ಟಿಕೊಂಡಿದೆ. ಭೂತಾನಿನ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ. ಡಾಲರಿನ ಎದುರು ನಾವು ಜಾರಿದರೆ ಅವರೂ ನಮ್ಮೊಂದಿಗೆ ಅಷ್ಟೇ ಜಾರುತ್ತಾರೆ.

ಕಟ್ಟಿದ ದರ ಮುರಿಯುವುದು ಹೇಗೆ ಎಂಬುದಕ್ಕೆ ಥಾಯ್ಲೆಂಡಿಗಿಂತ ದೊಡ್ಡ ಪಾಠವಿಲ್ಲ. ವರ್ಷಗಟ್ಟಲೆ ಡಾಲರಿಗೆ ಸುಮಾರು 25 ಬಾಟ್ ಎಂಬ ದರ ಅಲ್ಲಿ ನಡೆದಿತ್ತು. ದರ ಬದಲಾಗುವುದೇ ಇಲ್ಲ ಎಂಬ ನಂಬಿಕೆಯಿಂದ ಅಲ್ಲಿಯ ಕಂಪನಿಗಳು ಕಡಿಮೆ ಬಡ್ಡಿಗೆ ಡಾಲರ್ ಸಾಲ ತಂದು ಬಾಟಿನಲ್ಲಿ ಕಟ್ಟಡ ಕಟ್ಟಿದವು. 1997ರಲ್ಲಿ ಬಾಟನ್ನು ಮಾರುವವರ ಸಾಲು ಬೆಳೆದಾಗ ಥಾಯ್ ಕೇಂದ್ರ ಬ್ಯಾಂಕು ಡಾಲರ್ ಕೊಟ್ಟು ದರ ಕಾಯ್ದಿತು. ಆದರೆ ಬಹುಪಾಲು ಕೊಡುಗೆ ‘ಮುಂದಿನ ಇಂಥ ದಿನ ಡಾಲರ್ ಕೊಡುತ್ತೇನೆ’ ಎಂಬ ಮುಂಗಡ ಒಪ್ಪಂದಗಳ ರೂಪದಲ್ಲಿತ್ತು. ಲೆಕ್ಕದ ಪುಸ್ತಕದಲ್ಲಿ ಜೂನ್ ಕೊನೆಗೂ 30 ಶತಕೋಟಿ ಡಾಲರಿಗೂ ಹೆಚ್ಚು ಮೀಸಲು ಕಾಣುತ್ತಿತ್ತು. ಕೊಡಬೇಕಾದ ಮುಂಗಡಗಳನ್ನು ಕಳೆದರೆ ಉಳಿದದ್ದು 3 ಶತಕೋಟಿಗಿಂತಲೂ ಕಡಿಮೆ. ಜುಲೈ 2ರಂದು ಬಾಟನ್ನು ತೇಲಲು ಬಿಟ್ಟರು. ಮುಂದಿನ ಜನವರಿಯ ಹೊತ್ತಿಗೆ ಡಾಲರಿಗೆ 50 ಬಾಟ್ ದಾಟಿತ್ತು. 25ರ ಲೆಕ್ಕದಲ್ಲಿ ಸಾಲ ತಂದವರ ಹೊರೆ ಎರಡು ಪಟ್ಟಾಗಿತ್ತು.

ಇಲ್ಲಿ ಗಮನಿಸಬೇಕಾದದ್ದು ಮುಂಗಡ ಒಪ್ಪಂದದ ಮಾತು. ರೂಪಾಯಿಯ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಮುಕ್ತ ತೇಲು: ಕೈಕಟ್ಟಿ ನಿಲ್ಲುವ ಧೈರ್ಯ

ಆಸ್ಟ್ರೇಲಿಯಾ 1983ರ ಡಿಸೆಂಬರಿನಲ್ಲಿ ತನ್ನ ಡಾಲರಿನ ಹಗ್ಗ ಬಿಚ್ಚಿತು. ಅದಿರು, ಕಲ್ಲಿದ್ದಲು ಮಾರುವ ದೇಶ ಅದು. ಜಗತ್ತಿನಲ್ಲಿ ಅದಿರಿನ ಬೆಲೆ ಕುಸಿದಾಗ ಆ ಡಾಲರೂ ಸಾಮಾನ್ಯವಾಗಿ ಕುಸಿಯುತ್ತದೆ. ಗಣಿಯವನಿಗೆ ಅಮೆರಿಕನ್ ಡಾಲರಿನಲ್ಲಿ ಕಡಿಮೆ ಬಂದರೂ ಊರಿನ ಹಣಕ್ಕೆ ತಿರುಗಿಸಿಕೊಂಡಾಗ ಪೆಟ್ಟು ತಗ್ಗುತ್ತದೆ. ಅಲೆ ದರಕ್ಕೆ ತಗಲಿ ಅಲ್ಲಿಯೇ ಒಡೆಯುತ್ತದೆ, ಬಡ್ಡಿಯನ್ನು ಊರಿನ ಅಗತ್ಯ ನೋಡಿ ಇಟ್ಟುಕೊಳ್ಳಬಹುದು. ಆಮದು ಮಾಲಿನ ಬೆಲೆ ಏರಿಳಿಯುವುದನ್ನು ಜನ ಸಹಿಸಿಕೊಳ್ಳಬೇಕು, ಅಷ್ಟೆ.

ಮುಕ್ತ ತೇಲು ಎಂದು ಕರೆಸಿಕೊಳ್ಳಲು ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್, ಇಟ್ಟಿರುವ ಅಳತೆ ಕಠಿಣ. ಆರು ತಿಂಗಳಲ್ಲಿ ಮೂರು ಬಾರಿಗಿಂತ ಹೆಚ್ಚು ಕೈಹಾಕಬಾರದು, ಪ್ರತಿ ಬಾರಿಯೂ ಮೂರು ವಹಿವಾಟಿನ ದಿನ ಮೀರಬಾರದು.

ಜಪಾನ್ ಆ ಗೆರೆಯೊಳಗೇ ಇದ್ದು ಆಗಾಗ ಕೈಹಾಕುತ್ತದೆ. 2024ರ ಏಪ್ರಿಲ್ ಕೊನೆಗೆ ಡಾಲರಿಗೆ 160 ಯೆನ್ ಆದಾಗ ಒಂದು ತಿಂಗಳೊಳಗೆ ಸುಮಾರು 9.8 ಲಕ್ಷ ಕೋಟಿ ಯೆನ್ ಬೆಲೆಯ ಡಾಲರ್ ಮಾರಿತು. ಅಲ್ಲಿ ನಿರ್ಧಾರ ಹಣಕಾಸು ಸಚಿವಾಲಯದ್ದು, ಬ್ಯಾಂಕ್ ಆಫ್ ಜಪಾನ್ ಅದನ್ನು ನಡೆಸಿಕೊಡುವ ಏಜೆಂಟ್ ಮಾತ್ರ. ಯೆನ್ ಚೇತರಿಸಿಕೊಂಡಿತು, ಆದರೆ ಜೂನ್ ಮುಗಿಯುವುದರೊಳಗೆ ಮತ್ತೆ 160 ದಾಟಿತು. ಎರಡು ದೇಶಗಳ ಬಡ್ಡಿಯ ನಡುವೆ ದೊಡ್ಡ ಅಂತರ ಉಳಿದಿರುವಾಗ, ಡಾಲರ್ ಮಾರಿ ಗಳಿಸಿದ ಬಿಡುವು ವಾರಗಳ ಲೆಕ್ಕದ್ದು.

ರೂಪಾಯಿ: ಹಗ್ಗ ಸಡಿಲವಿದೆ, ಬಿಚ್ಚಿಲ್ಲ

ನಮ್ಮ ರೂಪಾಯಿ ಇವುಗಳಲ್ಲಿ ಬಹಳಷ್ಟನ್ನು ನೋಡಿ ಬಂದಿದೆ. ಬ್ರಿಟಿಷ್ ಪೌಂಡಿಗೆ ಕಟ್ಟಿದ್ದ ಕಾಲವಿತ್ತು. 1966ರ ಜೂನ್ 6ರಂದು ಡಾಲರಿನ ದರ 4.76ರಿಂದ 7.50 ರೂಪಾಯಿಗೆ ಒಂದೇ ದಿನದಲ್ಲಿ ಬದಲಾಯಿತು. 1975ರಿಂದ ಹಲವು ನಾಣ್ಯಗಳ ಬುಟ್ಟಿಗೆ ರೂಪಾಯಿಯನ್ನು ಕಟ್ಟಿದರು. 1991ರಲ್ಲಿ ಮೀಸಲು ಬರಿದಾಗಿ, ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಟ್ಟು, ಜುಲೈ ಮೊದಲ ವಾರ ಎರಡು ಕಂತಿನಲ್ಲಿ ಅಪಮೌಲ್ಯ ಮಾಡಬೇಕಾಯಿತು. 1993ರ ಮಾರ್ಚಿನಿಂದ ದರವನ್ನು ಮಾರುಕಟ್ಟೆಗೆ ಬಿಡಲಾಗಿದೆ. ‘ಯಾವುದೇ ಮಟ್ಟವನ್ನು ಕಾಯುವುದಿಲ್ಲ, ಅತಿಯಾದ ಏರಿಳಿತವನ್ನು ಮಾತ್ರ ತಡೆಯುತ್ತೇವೆ’ ಎಂಬುದು ರಿಸರ್ವ್ ಬ್ಯಾಂಕಿನ ಅಧಿಕೃತ ನಿಲುವು.

ಆ ತಡೆಯುವ ಕೆಲಸ ಹೇಗೆ ನಡೆಯುತ್ತದೆ? 2024ರ ನವೆಂಬರನ್ನು ಹತ್ತಿರದಿಂದ ನೋಡೋಣ. ಅಮೆರಿಕದ ಚುನಾವಣೆಯಲ್ಲಿ ಟ್ರಂಪ್ ಗೆದ್ದಿದ್ದರು, ಡಾಲರ್ ಎಲ್ಲ ನಾಣ್ಯಗಳ ಎದುರೂ ಬಲಿಯುತ್ತಿತ್ತು, ವಿದೇಶಿ ಹೂಡಿಕೆದಾರರು ನಮ್ಮ ಷೇರು ಮಾರಿ ಡಾಲರ್ ಕೊಂಡು ಹೊರಡುತ್ತಿದ್ದರು. ರಿಸರ್ವ್ ಬ್ಯಾಂಕು ತನ್ನ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು ಕೂಗುವುದಿಲ್ಲ. ಸಾಮಾನ್ಯವಾಗಿ ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ ಆದೇಶ ಕೊಡುತ್ತದೆ, ಅವು ಡಾಲರ್ ಮಾರತೊಡಗುತ್ತವೆ. ಸರ್ಕಾರಿ ಬ್ಯಾಂಕುಗಳು ಒಂದೇ ಮಟ್ಟದಲ್ಲಿ ದೊಡ್ಡ ಮೊತ್ತದಲ್ಲಿ ಮಾರುತ್ತಿವೆ ಎಂದಾಗ ಮುಂಬೈಯ ಡೀಲರುಗಳಿಗೆ ಹಿಂದಿರುವವರು ಯಾರೆಂದು ಗೊತ್ತಾಗುತ್ತದೆ. ಅಧಿಕೃತ ಅಂಕಿ ಮಾತ್ರ ಸುಮಾರು ಎರಡು ತಿಂಗಳ ನಂತರ ಬ್ಯಾಂಕಿನ ಮಾಸಿಕ ಬುಲೆಟಿನ್‌ನಲ್ಲಿ ಬರುತ್ತದೆ. ಆ ನವೆಂಬರಿನಲ್ಲಿ ನಿವ್ವಳ ಸುಮಾರು 20 ಶತಕೋಟಿ ಡಾಲರ್ ಮಾರಿದ್ದು ಹಾಗೆ ತಿಳಿಯಿತು.

ಈ ಮಾರಾಟದ ಇನ್ನೊಂದು ಮುಖ ರೂಪಾಯಿಯ ಕಡೆ ಇದೆ. ರಿಸರ್ವ್ ಬ್ಯಾಂಕು ಡಾಲರ್ ಕೊಟ್ಟಾಗ ಕೊಂಡ ಬ್ಯಾಂಕಿನ ಹೊರದೇಶದ ಖಾತೆಗೆ ಡಾಲರ್ ಜಮೆಯಾಗುತ್ತದೆ. ಅದಕ್ಕೆ ಬದಲಾಗಿ, ಆ ಬ್ಯಾಂಕು ರಿಸರ್ವ್ ಬ್ಯಾಂಕಿನಲ್ಲಿ ಇಟ್ಟಿರುವ ಖಾತೆಯಿಂದ ರೂಪಾಯಿ ಖರ್ಚಾಗುತ್ತದೆ. ಆ ರೂಪಾಯಿ ಬೇರೆ ಯಾರ ಕೈಗೂ ಹೋಗುವುದಿಲ್ಲ, ಬ್ಯಾಂಕುಗಳ ನಡುವೆ ಓಡಾಡುವ ಹಣದಿಂದಲೇ ಇಲ್ಲವಾಗುತ್ತದೆ. ಡಾಲರಿಗೆ 84.40ರ ಲೆಕ್ಕದಲ್ಲಿ 20 ಶತಕೋಟಿ ಎಂದರೆ ಸುಮಾರು 1.69 ಲಕ್ಷ ಕೋಟಿ ರೂಪಾಯಿ. ಒಂದೇ ತಿಂಗಳಲ್ಲಿ ಅಷ್ಟು ಹಣ ಬ್ಯಾಂಕಿಂಗ್ ವ್ಯವಸ್ಥೆಯಿಂದ ಬತ್ತಿತು. ಮಾರಾಟ ಮುಂದಿನ ತಿಂಗಳೂ ನಡೆಯಿತು, ತೆರಿಗೆ ಕಟ್ಟುವ ಕಾಲವೂ ಕೂಡಿಕೊಂಡಿತು. 2025ರ ಜನವರಿ ಕೊನೆಯಲ್ಲಿ ಬ್ಯಾಂಕುಗಳ ನಗದು ಕೊರತೆ 3 ಲಕ್ಷ ಕೋಟಿ ರೂಪಾಯಿ ದಾಟಿತ್ತು. ರೂಪಾಯಿ ಕಾಯಲು ಹೊರಟ ಕೈ ಸಾಲದ ಮಾರುಕಟ್ಟೆಯ ಕುತ್ತಿಗೆ ಹಿಸುಕುತ್ತಿತ್ತು.

ಒಂದು ಕೈಯಿಂದ ಹೀರಿದ್ದನ್ನು ಇನ್ನೊಂದು ಕೈಯಿಂದ ತುಂಬಿಕೊಡುವುದೇ ಇದಕ್ಕೆ ಪರಿಹಾರ. ಅರ್ಥಶಾಸ್ತ್ರದವರು ಇದನ್ನು ಸ್ಟೆರಿಲೈಸೇಷನ್ ಎನ್ನುತ್ತಾರೆ. ರಿಸರ್ವ್ ಬ್ಯಾಂಕು ಸರ್ಕಾರಿ ಸಾಲಪತ್ರಗಳನ್ನು ಕೊಂಡು ಬ್ಯಾಂಕುಗಳಿಗೆ ರೂಪಾಯಿ ಕೊಟ್ಟಿತು. ಜೊತೆಗೆ ಸ್ವಾಪ್ ಹರಾಜು ನಡೆಸಿತು. ಫೆಬ್ರವರಿ 28ರಂದು ಬ್ಯಾಂಕುಗಳಿಂದ 10 ಶತಕೋಟಿ ಡಾಲರ್ ಕೊಂಡು ರೂಪಾಯಿ ಕೊಟ್ಟಿತು, ಮೂರು ವರ್ಷದ ನಂತರ ಆ ಡಾಲರನ್ನು ಹಿಂತಿರುಗಿಸುತ್ತೇನೆ ಎಂಬ ಒಪ್ಪಂದದ ಮೇಲೆ. ಊರಿನ ಭಾಷೆಯಲ್ಲಿ ಹೇಳುವುದಾದರೆ, ಬ್ಯಾಂಕುಗಳ ಡಾಲರನ್ನು ಒತ್ತೆ ಇಟ್ಟುಕೊಂಡು ರೂಪಾಯಿ ಕೊಟ್ಟಂತೆ.

ಥಾಯ್ಲೆಂಡಿನಲ್ಲಿ ನೋಡಿದ ಮುಂಗಡದ ಹಾದಿ ಇಲ್ಲಿಯೂ ಇದೆ. ಇವತ್ತು ಡಾಲರ್ ಮಾರಿ, ಅದೇ ದಿನ ಸ್ವಾಪ್ ಮಾಡಿಕೊಂಡು ವಾಪಸು ಪಡೆದರೆ, ಮೀಸಲೂ ಕರಗದು, ರೂಪಾಯಿಯೂ ಬತ್ತದು. ಉಳಿಯುವುದು ‘ಮುಂದೆ ಡಾಲರ್ ಕೊಡುತ್ತೇನೆ’ ಎಂಬ ಮಾತು ಮಾತ್ರ. 2025ರ ಫೆಬ್ರವರಿ ಕೊನೆಗೆ ರಿಸರ್ವ್ ಬ್ಯಾಂಕು ಹೀಗೆ ಕೊಡಬೇಕಿದ್ದ ನಿವ್ವಳ ಮೊತ್ತ ಸುಮಾರು 88 ಶತಕೋಟಿ ಡಾಲರ್ ಮುಟ್ಟಿತ್ತು. ಹಾಗೆಂದು ನಾವು 1997ರ ಥಾಯ್ಲೆಂಡ್ ಅಲ್ಲ. ಆಗ ನಮ್ಮ ಮೀಸಲು 600 ಶತಕೋಟಿಗೂ ಮೇಲಿತ್ತು, ಲೆಕ್ಕವೂ ತಿಂಗಳು ತಿಂಗಳು ಬಹಿರಂಗವಾಗುತ್ತಿತ್ತು. ಬ್ಯಾಂಕಾಕಿನಲ್ಲಿ ಮುಳುಗಿಸಿದ್ದು ಮುಂಗಡಕ್ಕಿಂತ ಹೆಚ್ಚಾಗಿ ಅದನ್ನು ಮುಚ್ಚಿಟ್ಟದ್ದು, ಕೈಯಲ್ಲಿ ಮೀಸಲಿಲ್ಲದೆ ಮಾತು ಕೊಟ್ಟದ್ದು.

ಡಾಲರ್ ಬಿಟ್ಟರೆ ಇರುವ ಇನ್ನೊಂದು ಆಯುಧ ಬಡ್ಡಿ. 2013ರ ಬೇಸಿಗೆಯಲ್ಲಿ ರೂಪಾಯಿ 54ರ ಆಸುಪಾಸಿನಿಂದ ಆಗಸ್ಟಿನಲ್ಲಿ 68 ದಾಟಿ ಕುಸಿದಾಗ, ಬ್ಯಾಂಕುಗಳು ತುರ್ತಿಗೆ ಎತ್ತುವ ಸಾಲದ ಬಡ್ಡಿಯನ್ನು ರಿಸರ್ವ್ ಬ್ಯಾಂಕು ಶೇ 10.25ಕ್ಕೆ ಏರಿಸಿತ್ತು. ರೂಪಾಯಿ ಮಾರಿ ಡಾಲರ್ ಹಿಡಿಯುವುದು ದುಬಾರಿಯಾಗಲಿ ಎಂದು. ದುಬಾರಿಯಾದದ್ದು ಸಣ್ಣ ಉದ್ಯಮದ ಸಾಲವೂ ಹೌದು.

ಹೆಸರು ಒಂದು, ನಡೆ ಒಂದು

ದೇಶ ತನ್ನ ವ್ಯವಸ್ಥೆಗೆ ಇಟ್ಟುಕೊಂಡ ಹೆಸರನ್ನು ಐಎಂಎಫ್ ಹಾಗೆಯೇ ನಂಬುವುದಿಲ್ಲ, ದರ ನಿಜವಾಗಿ ಹೇಗೆ ನಡೆಯಿತೆಂದು ಅಳೆಯುತ್ತದೆ. 2022ರ ಡಿಸೆಂಬರಿನಿಂದ 2023ರ ಅಕ್ಟೋಬರಿನವರೆಗೆ ರೂಪಾಯಿ ಎಷ್ಟು ಕಿರಿದಾದ ಜಾಗದಲ್ಲಿ ಅಲುಗಾಡದೆ ನಿಂತಿತ್ತೆಂದರೆ, ಅದು ತೇಲುವ ದರವಲ್ಲ, ‘ಸ್ಥಿರಗೊಳಿಸಿದ ವ್ಯವಸ್ಥೆ’ ಎಂದು ಐಎಂಎಫ್ ಬರೆಯಿತು. ರಿಸರ್ವ್ ಬ್ಯಾಂಕು ಒಪ್ಪಲಿಲ್ಲ. 2025ರ ನವೆಂಬರಿನಲ್ಲಿ ಅದೇ ಸಂಸ್ಥೆ ರೂಪಾಯಿಯನ್ನು ‘ತೆವಳುವ ದರ’ದ ಪಂಕ್ತಿಯಲ್ಲಿ ಕೂರಿಸಿತು.

ಈ ಜಗಳ ಹೆಸರಿನದ್ದಷ್ಟೇ ಅಲ್ಲ. ದರ ವರ್ಷಗಟ್ಟಲೆ ಅಲುಗಾಡದಿದ್ದರೆ ಡಾಲರ್ ಸಾಲ ತಂದ ಕಂಪನಿಗಳು ರಕ್ಷಣೆಗೆಂದು ಮುಂಗಡ ಡಾಲರ್ ಕೊಂಡಿಡುವುದನ್ನು ಬಿಡುತ್ತವೆ. ಸಣ್ಣ ಏರಿಳಿತ ಇಲ್ಲದ ಕಡೆ ದೊಡ್ಡ ಏರಿಳಿತಕ್ಕೆ ಯಾರೂ ತಯಾರಿರುವುದಿಲ್ಲ. ಥಾಯ್ ಕಂಪನಿಗಳಿಗೆ ಆದದ್ದು ಅದೇ. ದಿನವೂ ಏನಾದರೂ ಇಷ್ಟಿಷ್ಟು ಓಡಾಡುವ ದರ ಅಹಿತಕರವಾದರೂ, ಜನರನ್ನು ಎಚ್ಚರದಲ್ಲಿಡುತ್ತದೆ.

ಹೀಗೆ ಹಿಡಿತದಲ್ಲಿ ತೇಲಿಸುವವರ ಕಸುಬು ಎಲ್ಲಿ ಎಡವಬಹುದು ಎಂಬುದೂ ಇದರಿಂದ ಸ್ಪಷ್ಟ. ದಿಢೀರ್ ಗಾಳಿಗೆ ಹೆದರಿ ಮಾರುವವರ ನಡುವೆ ಡಾಲರ್ ಕೊಟ್ಟು ಸಮಾಧಾನ ಮಾಡುವುದು ಕೆಲಸಕ್ಕೆ ಬರುತ್ತದೆ. ಆದರೆ ಆಮದು ಹೆಚ್ಚಿ, ರಫ್ತು ತಗ್ಗಿ, ಬಂಡವಾಳ ಹೊರಹೋಗುತ್ತಲೇ ಇರುವುದರಿಂದ ರೂಪಾಯಿ ಇಳಿಯುತ್ತಿದ್ದರೆ, ಮೀಸಲು ಮಾರುತ್ತಾ ಕೂರುವುದು ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆ. ಯಾವುದು ಗಾಳಿ, ಯಾವುದು ತೂತು ಎಂಬುದು ಆ ಗಳಿಗೆಯಲ್ಲಿ ಯಾರಿಗೂ ಖಚಿತವಾಗಿ ತಿಳಿಯದು ಎಂಬುದೇ ಈ ಕಸುಬಿನ ಕಷ್ಟ.

ಪ್ರತಿ ಶುಕ್ರವಾರ ಸಂಜೆ ರಿಸರ್ವ್ ಬ್ಯಾಂಕು ಮೀಸಲಿನ ಅಂಕಿ ಬಿಡುಗಡೆ ಮಾಡುತ್ತದೆ, ಶನಿವಾರದ ಪತ್ರಿಕೆಯಲ್ಲಿ ಅದು ಒಂದು ಪುಟ್ಟ ಸುದ್ದಿಯಾಗುತ್ತದೆ. ಅದನ್ನು ಓದುವಾಗ ಎರಡು ವಿಷಯ ನೆನಪಿರಲಿ. 2024ರ ಸೆಪ್ಟೆಂಬರ್ ಕೊನೆಗೆ ಸುಮಾರು 705 ಶತಕೋಟಿ ಇದ್ದ ಮೀಸಲು ನಾಲ್ಕೇ ತಿಂಗಳಲ್ಲಿ ಸುಮಾರು 624ಕ್ಕೆ ಇಳಿದದ್ದು ಎಲ್ಲವೂ ಮಾರಾಟದಿಂದಲ್ಲ. ಮೀಸಲಿನಲ್ಲಿ ಯೂರೋ ಮುಂತಾದ ನಾಣ್ಯಗಳೂ ಇರುತ್ತವೆ, ಡಾಲರ್ ಬಲಿತಾಗ ಡಾಲರ್ ಲೆಕ್ಕದಲ್ಲಿ ಅವುಗಳ ಬೆಲೆ ತಾನಾಗಿ ತಗ್ಗುತ್ತದೆ. ಎರಡನೆಯದು, ಆ ಅಂಕಿಯಿಂದ ಕೊಡಬೇಕಾದ ಮುಂಗಡಗಳನ್ನು ಕಳೆದು ನೋಡಬೇಕು. ಆ ಲೆಕ್ಕ ಮಾಸಿಕ ಬುಲೆಟಿನ್‌ನಲ್ಲಿ ಸಿಗುತ್ತದೆ.

ಇನ್ನು ದುಬೈಯಿಂದ ಹಣ ಬರುವ ಮನೆಯವರಿಗೆ ಒಂದು ಮಾತು. ದಿರ್ಹಮ್ಮಿನ ರೇಟು ನೋಡಲು ದುಬೈಯ ಸುದ್ದಿ ಹುಡುಕಬೇಕಿಲ್ಲ. ಮುಂಬೈಯಲ್ಲಿ ಡಾಲರ್ ಎಷ್ಟೆಂದು ನೋಡಿ 3.6725ರಿಂದ ಭಾಗಿಸಿ. ಬಂದ ಉತ್ತರ ಏರಿದೆ ಎಂದರೆ ಮನೆಗೆ ಒಂದಿಷ್ಟು ಹೆಚ್ಚು ಬಂತು ಎಂದೂ ಅರ್ಥ, ಇದೇ ಮನೆ ಕೊಳ್ಳುವ ಪೆಟ್ರೋಲು, ಅಡುಗೆ ಎಣ್ಣೆಯ ಆಮದಿನ ಖರ್ಚು ಏರಿತು ಎಂದೂ ಅರ್ಥ.